ಎರಡು ಕಡೆಯ ಜೋಳವಾಳಿ

ಹಳಗನ್ನಡದ ಕಾವ್ಯಗಳನ್ನೂ ವೀರಗಲ್ಲುಗಳನ್ನೂ ಓದುವವರಿಗೆ ‘ಜೋಳವಾಳಿ’ ಎಂಬ ಮಾತು ಹೊಸದಲ್ಲ. ಒಡೆಯನ ಜೋಳವನ್ನು ಉಂಡವನು ಆ ಅನ್ನದ ಋಣವನ್ನು ಯುದ್ಧದಲ್ಲಿ ತೀರಿಸಬೇಕೆಂಬ ಕಟ್ಟುಪಾಡೇ ಜೋಳವಾಳಿ. ಇದಕ್ಕಿಂತ ಕಠಿಣವಾದುದು ವೇಳೆವಾಳಿ. ಒಡೆಯನೊಡನೆ ತಾನೂ ಸಾಯುವೆನೆಂಬ ಪ್ರತಿಜ್ಞೆ ಅದು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯಲ್ಲಿರುವ ಕುವರ ಲಕ್ಷ್ಮನ ಕಂಬ ಇಂಥ ಪ್ರತಿಜ್ಞೆಯ ಶಿಲಾಸಾಕ್ಷಿ. ಪಂಪಭಾರತದ ಕರ್ಣನನ್ನು ಪಾಠ ಮಾಡುವಾಗ ಈ ಎರಡು ಪದಗಳನ್ನು ವಿವರಿಸದೆ ಮುಂದೆ ಹೋಗಲು ಬಾರದು. 2013ರ ಫೆಬ್ರವರಿಯ ಒಂದು ಮಧ್ಯಾಹ್ನ ಬಿ.ಎ. ಎರಡನೆಯ ವರ್ಷದ ತರಗತಿಯಲ್ಲಿ ನಾನು ಮಾಡುತ್ತಿದ್ದುದೂ ಅದನ್ನೇ. ಕಪ್ಪುಹಲಗೆಯ ಮೇಲೆ ‘ಜೋಳವಾಳಿ’ ಎಂದು ಬರೆದು, ಕರ್ಣನು ದುರ್ಯೋಧನನನ್ನು ಬಿಟ್ಟು ಹೋಗಲಾರದುದಕ್ಕೆ ಕಾರಣವೇನೆಂದು ಕೇಳಿದೆ. ಯಾರೂ ಉತ್ತರ ಕೊಡಲಿಲ್ಲ. ನಾನು ಹಲಗೆಯತ್ತ ತಿರುಗಿ ನಿಂತೆ. ಮತ್ತೆ ತರಗತಿಯತ್ತ ತಿರುಗಿದಾಗ ಹುಡುಗರೆಲ್ಲ ನನ್ನನ್ನೇ ನೋಡುತ್ತಿದ್ದರು. ನಾನು ನಿಂತಲ್ಲೇ, ಸೀಮೆಸುಣ್ಣ ಹಲಗೆಗೆ ತಗುಲಿದ್ದಂತೆಯೇ, ನಿದ್ದೆ ಹೋಗಿದ್ದೆ. ಎಷ್ಟು ಹೊತ್ತು ಎಂಬುದು ನನಗೆ ಗೊತ್ತಾಗಲಿಲ್ಲ. ಹಲಗೆಯ ಮೇಲೆ ‘ಳಿ’ಯ ಗುಡಿಸು ಕೆಳಕ್ಕೆ ಒಂದು ಗೇಣು ಇಳಿದಿತ್ತು.

ಆ ದಿನಗಳಲ್ಲಿ ನಾನು ಎರಡು ಕಡೆ ಅನ್ನ ಉಣ್ಣುತ್ತಿದ್ದೆ. ಹಗಲು ರಾಯಬಾಗ ತಾಲ್ಲೂಕಿನ ಒಂದು ಖಾಸಗಿ ಪದವಿ ಕಾಲೇಜಿನಲ್ಲಿ ಕನ್ನಡ ಉಪನ್ಯಾಸಕ; ರಾತ್ರಿ, ಮುಗಳಖೋಡದ ನನ್ನ ಮನೆಯಿಂದ ಹದಿನಾಲ್ಕು ಕಿಲೋಮೀಟರ್ ದೂರದ ಒಂದು ಸಕ್ಕರೆ ಕಾರ್ಖಾನೆಯ ಕಾಟಾದಲ್ಲಿ, ಅಂದರೆ ತೂಕದ ಮನೆಯಲ್ಲಿ, ಹಂಗಾಮಿ ಗುಮಾಸ್ತ. ಒಂದು ಕಡೆಯವರಿಗೆ ಇನ್ನೊಂದು ಕಡೆಯ ಸಂಗತಿ ತಿಳಿದಿರಲಿಲ್ಲ, ಅಥವಾ ತಿಳಿದಿಲ್ಲವೆಂದು ನಾನು ನಂಬಿದ್ದೆ. ಎರಡು ಹಂಗಾಮುಗಳ ಕಾಲ ನಡೆದ ಈ ಸಂಗತಿಯನ್ನು ಇಷ್ಟು ವರ್ಷ ಯಾರ ಮುಂದೆಯೂ ಬರವಣಿಗೆಯಲ್ಲಿ ಇಟ್ಟಿರಲಿಲ್ಲ. ಈಗ ಬರೆಯುವುದಕ್ಕೆ ಕಾರಣ, ನನ್ನಲ್ಲಿ ಸಂಶೋಧನೆಗೆ ಬರುವ ತರುಣರಲ್ಲಿ ಹಲವರು ಇಂದಿಗೂ ಇದೇ ಸ್ಥಿತಿಯಲ್ಲಿ ಇರುವುದು.

ಮೊದಲು ಹಣದ ಮಾತು. ನಾನಿದ್ದ ಹುದ್ದೆ ಅನುದಾನಕ್ಕೆ ಒಳಪಟ್ಟಿರಲಿಲ್ಲ. ಆಡಳಿತ ಮಂಡಳಿ ತನ್ನ ನಿಧಿಯಿಂದ ತಿಂಗಳಿಗೆ ಒಂಬತ್ತು ಸಾವಿರ ರೂಪಾಯಿ ಕೊಡುತ್ತಿತ್ತು. ರಜೆಯ ಎರಡು ತಿಂಗಳು ಅದೂ ಇಲ್ಲ. ಪಿಎಚ್.ಡಿ. ಪದವಿಯಿಂದ ಸಂಬಳದಲ್ಲಿ ಒಂದು ರೂಪಾಯಿಯ ವ್ಯತ್ಯಾಸವೂ ಆಗಲಿಲ್ಲ. ಸರಕಾರಿ ಕಾಲೇಜುಗಳ ಅತಿಥಿ ಉಪನ್ಯಾಸಕರ ಸ್ಥಿತಿ ಇದಕ್ಕಿಂತ ಬಹಳ ಮೇಲಿರಲಿಲ್ಲ. 2022ರ ಜನವರಿಯಲ್ಲಿ ಸರಕಾರ ಅವರ ಗೌರವಧನವನ್ನು ಏರಿಸುವವರೆಗೂ ಅದು ತಿಂಗಳಿಗೆ 11,000ದಿಂದ 13,000 ರೂಪಾಯಿ ಮಾತ್ರವಾಗಿತ್ತು. ಅಂದು ಅದು ಅರ್ಹತೆ ಮತ್ತು ಸೇವಾವಧಿಗೆ ಅನುಸಾರವಾಗಿ 26,000ದಿಂದ 32,000ಕ್ಕೆ ಏರಿತು. ಜೊತೆಗೆ ವಾರದ ಬೋಧನಾವಧಿಯೂ 15 ಗಂಟೆಗೆ ಏರಿತು. ಒಬ್ಬರಿಗೆ ಹೆಚ್ಚು ಗಂಟೆ ಕೊಟ್ಟರೆ ಅದೇ ಕಾರ್ಯಭಾರಕ್ಕೆ ಕಡಿಮೆ ಜನ ಸಾಕಾಗುತ್ತಾರೆ ಎಂಬ ಲೆಕ್ಕವೂ ಅದರೊಳಗೇ ಇತ್ತು. ಹೊರಗುಳಿದವರು ಮತ್ತೆ ಖಾಸಗಿ ಕಾಲೇಜುಗಳ ಬಾಗಿಲಿಗೇ ಬಂದರು.

ಮನೆಯಲ್ಲಿ ಎರಡು ಎಕರೆ ಹೊಲ, ಅದರಲ್ಲಿ ನೀರು ಬಾರದ ಎರಡು ಕೊಳವೆಬಾವಿ, ಅವುಗಳಿಗಾಗಿ ಪತ್ತಿನ ಸಂಘದಲ್ಲಿ ಮಾಡಿದ ಸಾಲ, ಓದುವ ಮಗಳು. ಇದು ನಮ್ಮ ಸೀಮೆಯ ಯಾವ ಮನೆಗೂ ಹೊಂದುವ ಪಟ್ಟಿಯಾದುದರಿಂದ ಬೆಳೆಸುವುದಿಲ್ಲ. ಕಾರ್ಖಾನೆ ಹಂಗಾಮಿನ ಐದು ತಿಂಗಳು ತಿಂಗಳಿಗೆ ಏಳೂವರೆ ಸಾವಿರ ಕೊಡುತ್ತಿತ್ತು. ಆ ಮೊತ್ತ ಸಾಲದ ಕಂತಿಗೆ ಸರಿಯಾಗಿ ಹೊಂದುತ್ತಿತ್ತು.

ನಿಯಮಗಳು ಏನು ಹೇಳುತ್ತವೆ ಎಂಬುದು ನನಗೆ ತಿಳಿಯದ ವಿಷಯವಾಗಿರಲಿಲ್ಲ. ಸರಕಾರಿ ನೌಕರರಿಗೆ ಸಂಬಂಧಿಸಿದ 1966ರ ಕರ್ನಾಟಕ ನಾಗರಿಕ ಸೇವಾ ನಡತೆ ನಿಯಮಗಳು ಪೂರ್ವಾನುಮತಿ ಇಲ್ಲದೆ ವ್ಯಾಪಾರವನ್ನಾಗಲಿ ಬೇರೆ ಉದ್ಯೋಗವನ್ನಾಗಲಿ ಮಾಡುವುದನ್ನು ನಿಷೇಧಿಸಿದ್ದವು. ಆದರೆ ಕರ್ತವ್ಯಕ್ಕೆ ಬಾಧಕವಾಗದ, ಅಪರೂಪದ ಸಾಹಿತ್ಯಕ, ಕಲಾತ್ಮಕ, ವೈಜ್ಞಾನಿಕ ಕೆಲಸಗಳಿಗೆ ವಿನಾಯಿತಿ ಇತ್ತು. ನನ್ನಂಥ ಖಾಸಗಿ ನೌಕರನಿಗೆ ಆ ನಿಯಮಗಳು ನೇರವಾಗಿ ಅನ್ವಯಿಸದಿದ್ದರೂ ಆಡಳಿತ ಮಂಡಳಿಯ ನೇಮಕಾತಿ ಪತ್ರದಲ್ಲಿ ಅದೇ ಷರತ್ತು ಒಂದು ಸಾಲಾಗಿ ಬಂದಿತ್ತು. ಇನ್ನೊಂದು ಕಡೆ, 1948ರ ಕಾರ್ಖಾನೆಗಳ ಕಾಯ್ದೆಯ 60ನೆಯ ಕಲಮು ಒಬ್ಬ ಕಾರ್ಮಿಕನು ಒಂದೇ ದಿನ ಎರಡು ಕಾರ್ಖಾನೆಗಳಲ್ಲಿ ದುಡಿಯಕೂಡದೆನ್ನುತ್ತಿತ್ತು. ಆ ಕಲಮನ್ನು ಓದಿದಾಗ ನನಗೆ ಒಂದು ಬಗೆಯ ನಗು ಬಂದಿತ್ತು. ಕಾಲೇಜು ಕಾರ್ಖಾನೆಯಲ್ಲ; ಆದುದರಿಂದ ತರಗತಿಯಲ್ಲಿ ನಿಂತು ದಣಿದ ದೇಹವನ್ನು ಆ ಕಾಯ್ದೆ ದಣಿದುದೆಂದು ಎಣಿಸುತ್ತಿರಲಿಲ್ಲ. ಕಾನೂನಿನ ಈ ಸಂದಿನಲ್ಲಿ ನಾನು ಎರಡು ವರ್ಷ ಬದುಕಿದೆ.

ನಿಜವನ್ನು ಹೇಳುವುದಾದರೆ ಅನುಮತಿ ಕೇಳಿದ್ದರೆ ಸಿಗುತ್ತಿತ್ತೇನೋ. ನಾನು ಕೇಳಲಿಲ್ಲ. ಕೇಳದಿರುವುದಕ್ಕೆ ನಿಯಮದ ಭಯಕ್ಕಿಂತ ಹೆಸರಿನ ಮುಂದಿನ ‘ಡಾ.’ ಎಂಬ ಅಕ್ಷರವೇ ಹೆಚ್ಚಿನ ಕಾರಣ. ಹಸ್ತಪ್ರತಿಗಳ ಪಾಠಾಂತರಗಳನ್ನು ಕುರಿತು ಮಹಾಪ್ರಬಂಧ ಬರೆದವನು ರಾತ್ರಿ ಕಬ್ಬಿನ ಗಾಡಿಯ ತೂಕ ಬರೆದುಕೊಳ್ಳುತ್ತಾನೆಂಬುದು ಸಹೋದ್ಯೋಗಿಗಳ ಬಾಯಿಗೆ ಬೀಳುವುದನ್ನು ನಾನು ಸಹಿಸಲಾರದವನಾಗಿದ್ದೆ. ಕಾರ್ಖಾನೆಯಲ್ಲಿ ಇದರ ತಿರುವು ಮುರುವು. ಅಲ್ಲಿ ಬಿ.ಎ. ಪಾಸಾಗಿದೆ, ಊರಲ್ಲಿ ಒಕ್ಕಲುತನ ಎಂದಷ್ಟೇ ಹೇಳಿದ್ದೆ. ಹಗಲು ಬೇರೆ ಕೆಲಸವಿದ್ದವನನ್ನು ರಾತ್ರಿ ಪಾಳಿಗೆ ಯಾರೂ ಇಟ್ಟುಕೊಳ್ಳುವುದಿಲ್ಲ. ಹೀಗೆ ಒಂದು ಕಡೆ ರಾತ್ರಿಯನ್ನೂ ಇನ್ನೊಂದು ಕಡೆ ಹಗಲನ್ನೂ ಮುಚ್ಚಿಟ್ಟೆ.

ಸಕ್ಕರೆ ಕಾರ್ಖಾನೆಯ ಪಾಳಿಗಳು ನಸುಕಿನ ನಾಲ್ಕರಿಂದ ಹನ್ನೆರಡು, ಹನ್ನೆರಡರಿಂದ ರಾತ್ರಿ ಎಂಟು, ಎಂಟರಿಂದ ಮತ್ತೆ ನಾಲ್ಕು ಎಂದು ನಡೆಯುತ್ತಿದ್ದವು. ವಾರಕ್ಕೊಮ್ಮೆ ಪಾಳಿ ಬದಲಾಗಬೇಕು. ನಾನು ಜೊತೆಯವರೊಡನೆ ಅದಲುಬದಲು ಮಾಡಿಕೊಂಡು ಎಂಟರಿಂದ ನಾಲ್ಕರ ಪಾಳಿಯಲ್ಲೇ ಉಳಿದೆ. ರಾತ್ರಿ ಪಾಳಿಯನ್ನು ಬೇಡುವವನಿಗೆ ಎಲ್ಲರೂ ಸಂತೋಷದಿಂದ ಅದನ್ನು ಬಿಟ್ಟುಕೊಡುತ್ತಾರೆ.

ಕಾಟಾದ ಕೆಲಸ ನೋಡಲು ಸುಲಭ. ಹೊಲದಲ್ಲಿ ಕಟಾವಿನ ಗ್ಯಾಂಗು ಕಡಿದು ತುಂಬಿದ ಕಬ್ಬನ್ನು ಟ್ರ್ಯಾಕ್ಟರು ಎರಡು ಡಬ್ಬಿಗಳಲ್ಲಿ ಎಳೆದು ತರುತ್ತದೆ. ಅಂಗಳದಲ್ಲಿ ಟೋಕನ್ನು ಪಡೆದು ಸರದಿಯಲ್ಲಿ ನಿಲ್ಲುತ್ತದೆ. ಸರದಿ ಬಂದಾಗ ಮೊದಲನೆಯ ಕಾಟಾದ ಮೇಲೆ ಭರ್ತಿ ವಜನ. ಅನಂತರ ಕಬ್ಬನ್ನು ಇಳಿಸಿ, ಎರಡನೆಯ ಕಾಟಾಕ್ಕೆ ಬಂದು ಖಾಲಿ ವಜನ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ಉಳಿಯುವುದು ಕಬ್ಬಿನ ತೂಕ. ನಾನಿದ್ದುದು ಖಾಲಿ ಕಾಟಾದಲ್ಲಿ. ಚಾಲಕನು ಕಿಟಕಿಯಿಂದ ಚೀಟಿ ಕೊಡುತ್ತಾನೆ. ಅದರ ಟೋಕನ್ನಿನ ಅಂಕಿಯನ್ನು ಗಣಕಯಂತ್ರಕ್ಕೆ ಕೊಟ್ಟರೆ ಭರ್ತಿ ವಜನವೂ ಗಾಡಿಯ ನಂಬರೂ ಪರದೆಯ ಮೇಲೆ ಬರುತ್ತವೆ. ಆಗ ನಾನು ಮೂರು ಸಂಗತಿಗಳನ್ನು ನೋಡಬೇಕು: ಗಾಡಿ ಬರುವ ಮೊದಲು ಕಾಟಾ ಸೊನ್ನೆ ತೋರಿಸುತ್ತಿತ್ತೇ, ಗಾಡಿಯ ಎಲ್ಲ ಗಾಲಿಗಳೂ ಕಾಟಾದ ಮೇಲೆ ಇವೆಯೇ, ಪರದೆಯ ಮೇಲಿನ ನಂಬರೂ ಗಾಡಿಯ ಮೇಲಿನ ನಂಬರೂ ಒಂದೇ ಆಗಿವೆಯೇ. ಇಷ್ಟಾದ ಮೇಲೆ ಒಂದು ಗುಂಡಿ ಒತ್ತಿದರೆ ಕೆಲಸ ಮುಗಿಯಿತು. ಒಂದು ರಾತ್ರಿಗೆ ನೂರಾರು ಸಲ ಇದೇ ಮೂರು ನೋಟ, ಇದೇ ಗುಂಡಿ.

ನಾಲ್ಕಕ್ಕೆ ಪಾಳಿ ಬಿಟ್ಟು ಮುಗಳಖೋಡಕ್ಕೆ ಬರುವಾಗ ನಾಲ್ಕು ಮುಕ್ಕಾಲು. ಎಂಟರವರೆಗೆ ನಿದ್ದೆ. ಒಂಬತ್ತೂವರೆಗೆ ಕಾಲೇಜು. ಸಂಜೆ ಮನೆಗೆ ಬಂದು ಒಂದೂವರೆ ಗಂಟೆ ಮತ್ತೆ ಮಲಗುವುದು. ಮೊದಲ ತಿಂಗಳು ಇದು ಸಾಧ್ಯವೆಂದೇ ತೋರಿತು. ಆಮೇಲೆ ತಿಳಿದ ಒಂದು ವಿಚಿತ್ರವೆಂದರೆ, ದಣಿವು ತನ್ನನ್ನು ತಾನೇ ಮುಚ್ಚಿಕೊಳ್ಳುತ್ತದೆ. ರಾತ್ರಿ ಎರಡು ಗಂಟೆಗೆ ಕಣ್ಣು ಎಳೆಯುವಾಗ ಮನುಷ್ಯ ಎಚ್ಚರಿಕೆಯಿಂದಲೇ ಇರುತ್ತಾನೆ, ಮುಖಕ್ಕೆ ನೀರು ಹಾಕಿಕೊಳ್ಳುತ್ತಾನೆ. ಮೂರರ ಮೇಲೆ ಕಣ್ಣು ತೆರೆದೇ ಇರುತ್ತದೆ, ಕೈ ಕೆಲಸ ಮಾಡುತ್ತಲೇ ಇರುತ್ತದೆ, ಆದರೆ ನೋಡಿದುದು ಒಳಗೆ ಇಳಿಯುವುದಿಲ್ಲ. ತಾನು ಎಚ್ಚರವಾಗಿದ್ದೇನೆಂದು ಖಚಿತವಾಗಿ ನಂಬಿರುವ ಆ ಒಂದು ಗಂಟೆಯೇ ಅತ್ಯಂತ ಅಪಾಯದ್ದು. ಹಗಲಿನಲ್ಲಿ ಅದಕ್ಕೆ ಸಮನಾದುದು ಊಟದ ನಂತರದ ಎರಡನೆಯ ತರಗತಿ.

ಈ ದಣಿವಿನೊಳಗೆ ನಾನು ಎರಡೂ ಕಡೆ ಸಣ್ಣಸಣ್ಣದಾಗಿ ಕದಿಯತೊಡಗಿದೆ. ಕಾಲೇಜಿನಲ್ಲಿ ಹಿಂದಿನ ವರ್ಷದ ಟಿಪ್ಪಣಿಯನ್ನೇ ಓದಿದೆ. ಪಂಪನ ಒಂದು ಪದ್ಯದ ಅನ್ವಯವನ್ನು ಹುಡುಗರೊಡನೆ ಬಿಡಿಸುವುದಕ್ಕೆ ಅರ್ಧ ಗಂಟೆ ಬೇಕಾದಲ್ಲಿ ಸಾರಾಂಶ ಬರೆಸಿ ಮುಗಿಸಿದೆ. ಆಂತರಿಕ ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಮೊದಲ ಪುಟವನ್ನು ಓದಿ ಕೊನೆಯ ಪುಟಕ್ಕೆ ಅಂಕ ಹಾಕಿದೆ. ಕಾರ್ಖಾನೆಯಲ್ಲಿ, ಗಾಡಿಗಳ ನಡುವಿನ ಬಿಡುವಿನಲ್ಲಿ, ಮೇಜಿನ ಕೆಳಗೆ ಪುಸ್ತಕ ಇಟ್ಟುಕೊಂಡು ಮರುದಿನದ ಪಾಠ ನೋಡಿದೆ. ಅಲ್ಲಿ ಕೂತು ಇಲ್ಲಿಯದನ್ನೂ ಇಲ್ಲಿ ನಿಂತು ಅಲ್ಲಿಯದನ್ನೂ ಯೋಚಿಸುವವನು ಎರಡೂ ಕಡೆ ಅರ್ಧವಾಗಿಯೇ ಇರುತ್ತಾನೆ. ಯಾವ ಕಳ್ಳತನವೂ ಯಾರ ಕಣ್ಣಿಗೂ ಬೀಳುವಷ್ಟು ದೊಡ್ಡದಾಗಿರಲಿಲ್ಲ; ಆದುದರಿಂದಲೇ ಅದು ನಿಲ್ಲಲಿಲ್ಲ.

ಹಲಗೆಯ ಮುಂದೆ ನಿದ್ದೆ ಹೋದ ಘಟನೆಯ ಮುಂದಿನ ವಾರ, ಒಂದು ರಾತ್ರಿ ಮೂರು ಗಂಟೆ ಹತ್ತು ನಿಮಿಷಕ್ಕೆ ಎರಡು ಟ್ರ್ಯಾಕ್ಟರುಗಳು ಒಂದರ ಹಿಂದೆ ಒಂದು ಖಾಲಿ ಕಾಟಾಕ್ಕೆ ಬಂದವು. ಹಿಂದಿನ ಗಾಡಿಯ ಚಾಲಕ ಚಹಾ ಕುಡಿಯಲು ನಿಂತು, ತನ್ನ ಚೀಟಿಯನ್ನೂ ಮುಂದಿನವನ ಕೈಗೇ ಕೊಟ್ಟಿದ್ದ. ಮುಂದಿನವನು ಎರಡು ಚೀಟಿಗಳನ್ನೂ ಒಟ್ಟಿಗೆ ಕಿಟಕಿಯೊಳಗೆ ಹಾಕಿದ. ನಾನು ಮೇಲಿದ್ದ ಚೀಟಿಯನ್ನು ಮೊದಲ ಗಾಡಿಯದೆಂದು ಹಿಡಿದೆ. ಪರದೆಯ ಮೇಲೆ ನಂಬರು ಬಂದಿತು. ನಾನು ಅದನ್ನು ನೋಡಿದೆ. ಗಾಡಿಯ ನಂಬರನ್ನೂ ನೋಡಿದೆ. ಅವೆರಡೂ ಬೇರೆ ಎಂಬುದು ಮಾತ್ರ ತಲೆಗೆ ಹೋಗಲಿಲ್ಲ. ಗುಂಡಿ ಒತ್ತಿದೆ.

ಆದುದು ಇಷ್ಟು. ಮೊದಲನೆಯ ಗಾಡಿಯ ಭರ್ತಿ ವಜನ 26,480 ಕಿಲೋ, ಖಾಲಿ ವಜನ 8,120. ಕಬ್ಬು 18,360 ಕಿಲೋ ಆಗಬೇಕಿತ್ತು. ಎರಡನೆಯದರ ಭರ್ತಿ 23,940, ಖಾಲಿ 6,790. ಕಬ್ಬು 17,150 ಆಗಬೇಕಿತ್ತು. ಖಾಲಿ ವಜನಗಳು ಅದಲುಬದಲಾದುದರಿಂದ ಮೊದಲನೆಯದಕ್ಕೆ 19,690, ಎರಡನೆಯದಕ್ಕೆ 15,820 ಎಂದು ಬರೆಯಲ್ಪಟ್ಟಿತು. ಒಬ್ಬ ರೈತನ ಹೊಲದಿಂದ 1,330 ಕಿಲೋ ಕಬ್ಬು ಇನ್ನೊಬ್ಬನ ಲೆಕ್ಕಕ್ಕೆ ಹೋಯಿತು. ಇಂಥ ತಪ್ಪಿನ ದುಷ್ಟತನ ಎಲ್ಲಿದೆಯೆಂದರೆ, ಎರಡೂ ಸರಿಯಾದ ಅಂಕಿಗಳ ಮೊತ್ತ 35,510. ಎರಡೂ ತಪ್ಪು ಅಂಕಿಗಳ ಮೊತ್ತವೂ 35,510. ಪಾಳಿಯ ಕೊನೆಗೆ ನಾವು ಕೂಡಿಸಿ ತಾಳೆ ನೋಡುವ ಒಟ್ಟು ಲೆಕ್ಕದಲ್ಲಿ ಒಂದು ಕಿಲೋ ಕೂಡ ಹೆಚ್ಚುಕಡಿಮೆಯಾಗುವುದಿಲ್ಲ. ಆ ಬೆಳಿಗ್ಗೆ ಲೆಕ್ಕ ಸರಿಯಾಗಿದೆಯೆಂದು ಸಹಿ ಹಾಕಿ ನಾನು ಮನೆಗೆ ಬಂದೆ.

ಮೂರು ದಿನಗಳ ಮೇಲೆ ಎರಡನೆಯ ವರ್ಷದ ಒಬ್ಬ ವಿದ್ಯಾರ್ಥಿ ತರಗತಿ ಮುಗಿದ ಬಳಿಕ ನನ್ನ ಹಿಂದೆಯೇ ಬಂದ. ಹಾರೂಗೇರಿ ಕಡೆಯ ಹುಡುಗ, ಹೆಚ್ಚು ಮಾತಿನವನಲ್ಲ. ಸಿಬ್ಬಂದಿ ಕೊಠಡಿಯ ಹೊರಗೆ, ಬೇವಿನ ಮರದ ಕಟ್ಟೆಯ ಮೇಲೆ, ಅವನು ಅಂಗಿಯ ಕಿಸೆಯಿಂದ ನಾಲ್ಕು ತೂಕದ ಚೀಟಿಗಳನ್ನು ತೆಗೆದು ಸಾಲಾಗಿ ಇಟ್ಟ.

“ಸರ್ರ, ಇದನ್ನೊಂದಿಷ್ಟ ನೋಡ್ರಿ. ನಾಲ್ಕೂ ಅದೇ ಗಾಡಿ, ಅದೇ ಗ್ಯಾಂಗ್ ರಿ. ಮೂರ ಖೇಪಿನ್ಯಾಗ ಖಾಲಿ ವಜನ ಆರ ಸಾವಿರದ ಎಂಟನೂರರ ಆಜುಬಾಜು ಐತಿ. ಈ ನಾಲ್ಕನೇದರಾಗ ಎಂಟ ಸಾವಿರದ ನೂರಾ ಇಪ್ಪತ್ತ ಹೆಂಗ ಬಂತ್ರಿ?”

ನಾನು ಚೀಟಿಗಳನ್ನು ಕೈಗೆತ್ತಿಕೊಳ್ಳಲಿಲ್ಲ. ಕಟ್ಟೆಯ ಮೇಲಿದ್ದಂತೆಯೇ ಓದಿದೆ. 6,800, 6,760, 6,820, ಆಮೇಲೆ 8,120. ಒಂದು ಗಾಡಿಯ ಖಾಲಿ ತೂಕ ಕೆಸರು, ಡೀಸೆಲ್ಲು, ಮೇಲೆ ಕೂತ ಆಳು ಇವುಗಳಿಂದ ನೂರು ಕಿಲೋ ಆಚೀಚೆ ಆಗಬಹುದು. ಸಾವಿರದ ಮುನ್ನೂರು ಆಗಲಾರದು. ಒಂದೇ ಕೃತಿಯ ನಾಲ್ಕು ಪ್ರತಿಗಳನ್ನು ಎದುರಿಗೆ ಹರವಿ, ಮೂರರಲ್ಲಿ ಒಂದು ಪಾಠವೂ ನಾಲ್ಕನೆಯದರಲ್ಲಿ ಬೇರೊಂದು ಪಾಠವೂ ಇದ್ದಾಗ ಲಿಪಿಕಾರನ ಕಣ್ಣು ಎಲ್ಲಿ ಜಾರಿತೆಂದು ಹುಡುಕುವುದನ್ನು ನಾನೇ ಇವರಿಗೆ ಹೇಳಿಕೊಟ್ಟಿದ್ದೆ. ಓಲೆಗರಿಯನ್ನು ಪ್ರತಿಮಾಡುವವನ ಕಣ್ಣು ಒಂದೇ ಬಗೆಯ ಎರಡು ಸಾಲುಗಳ ನಡುವೆ ಜಿಗಿದು, ಇದರ ಮೊದಲನ್ನು ಅದರ ಕೊನೆಗೆ ಹೊಂದಿಸಿಬಿಡುತ್ತದೆ. ಇಲ್ಲಿಯೂ ಆದುದು ಅದೇ. ಅನೇಕ ಲಿಪಿಕಾರರು ಗ್ರಂಥದ ಕೊನೆಯಲ್ಲಿ ಬೆನ್ನು ಬಾಗಿ ಕಣ್ಣು ಸೋತು ಬರೆದುದನ್ನು ಜತನದಿಂದ ಕಾಪಾಡಿರೆಂದು ಓದುಗರನ್ನು ಕೇಳಿಕೊಳ್ಳುತ್ತಾರೆ. ಈ ಚೀಟಿಯ ಕೊನೆಯಲ್ಲಿದ್ದುದು ನನ್ನ ಕಿರುಸಹಿ ಮಾತ್ರ.

“ಇದನ್ನ ನನಗ ಯಾಕ ತೋರಸ್ತಿದಿಯಪ್ಪಾ?” ಎಂದೆ. ಆ ಪ್ರಶ್ನೆ ಎಷ್ಟು ಅಪ್ರಾಮಾಣಿಕವಾಗಿತ್ತೆಂಬುದು ಕೇಳಿದ ಮೇಲೆ ನನಗೇ ತಿಳಿಯಿತು.

ಹುಡುಗ ನೆಲ ನೋಡುತ್ತ ಹೇಳಿದ: “ನೀವು ಕಾಟಾದಾಗ ಇರ್ತೀರಲ್ರಿ ಸರ್ರ. ಹೋದ ವರ್ಷದಿಂದ ನಮಗ ಗೊತ್ತೈತ್ರಿ. ಕ್ಲಾಸಿನ್ಯಾಗ ಅರ್ಧಾ ಮಂದಿ ಕಬ್ಬ ಹೇರಾಕ ಬರೂವ್ರ ಅದೀವಿ. ಯಾರ ಮುಂದನೂ ಹೇಳಿಲ್ರಿ.”

ಎರಡು ವರ್ಷ ನಾನು ಕಾಪಾಡಿಕೊಂಡಿದ್ದ ಗುಟ್ಟು ಇದು. ಪ್ರಾಚಾರ್ಯರಿಂದ ಮುಚ್ಚಿಟ್ಟೆ, ಸಹೋದ್ಯೋಗಿಗಳಿಂದ ಮುಚ್ಚಿಟ್ಟೆ. ಕಬ್ಬಿನ ಡಬ್ಬಿಯ ಮೇಲೆ ಕಂಬಳಿ ಹೊದ್ದು ಕೂತು ನನ್ನ ಕಿಟಕಿಯ ಮುಂದೆ ಹಾದುಹೋಗುವವರು ನನ್ನ ವಿದ್ಯಾರ್ಥಿಗಳೇ ಆಗಿರಬಹುದೆಂದು ಒಮ್ಮೆಯೂ ನನಗೆ ಹೊಳೆದಿರಲಿಲ್ಲ. ಮಧ್ಯಾಹ್ನದ ತರಗತಿಯಲ್ಲಿ ನಾನು ತೂಕಡಿಸಿದಾಗ ಅವರು ಏಕೆ ನಗುವುದಿಲ್ಲವೆಂಬುದು ಆಗ ಅರ್ಥವಾಯಿತು. ಅವರೂ ರಾತ್ರಿಯೆಲ್ಲ ಸರದಿಯಲ್ಲಿ ಕಾದು ಬಂದವರು. ಎರಡು ಕಡೆ ದುಡಿಯುವುದು ನನಗೊಬ್ಬನಿಗೆ ಬಂದ ಕಷ್ಟವೆಂದು ತಿಳಿದುಕೊಂಡಿದ್ದೆನಲ್ಲ, ನನ್ನ ಮುಂದಿನ ಬೆಂಚುಗಳೆಲ್ಲ ಅಂಥವರಿಂದಲೇ ತುಂಬಿದ್ದವು.

ಆ ಸಂಜೆ ನಾನು ಮೊದಲು ಯೋಚಿಸಿದುದು ಸುಲಭದ ದಾರಿಯನ್ನು. ಟನ್ನಿಗೆ ಎರಡು ಸಾವಿರ ರೂಪಾಯಿಯಂತೆ ಲೆಕ್ಕ ಹಿಡಿದರೆ ಹುಡುಗನ ತಂದೆಗೆ ಆದ ನಷ್ಟ 2,660 ರೂಪಾಯಿ. ಅಷ್ಟನ್ನು ಕಿಸೆಯಿಂದ ಕೊಟ್ಟುಬಿಟ್ಟರೆ ಯಾರಿಗೂ ಏನೂ ತಿಳಿಯುವುದಿಲ್ಲ. ಆದರೆ ಕಾಟಾದ ಅಂಕಿ ರೈತನ ಬಿಲ್ಲಿಗೆ ಮಾತ್ರ ಹೋಗುವುದಿಲ್ಲ. ಕಟಾವಿನ ಗ್ಯಾಂಗಿನ ಕೂಲಿಯೂ ಟನ್ನಿನ ಲೆಕ್ಕ. ಟ್ರ್ಯಾಕ್ಟರಿನ ಬಾಡಿಗೆಯೂ ಟನ್ನಿನ ಲೆಕ್ಕ. ಒಂದೇ ತಪ್ಪು ಅಂಕಿ ಮೂರು ಬಿಲ್ಲುಗಳೊಳಗೆ ಇಳಿಯುತ್ತದೆ. ಗ್ಯಾಂಗಿನ ಮುಕಾದಮ ತನ್ನ ಪಾಲಿನ ಕೊರತೆಯನ್ನು ಹತ್ತಾರು ಗಂಡಹೆಂಡಿರ ಕೂಲಿಯಲ್ಲಿ ಹಂಚುತ್ತಾನೆ. ಅವರು ಯಾರೆಂದು ನನಗೆ ಗೊತ್ತಿಲ್ಲ, ಗೊತ್ತಾಗುವ ದಾರಿಯೂ ಇಲ್ಲ. ಇನ್ನೊಂದು ಕಡೆ ಮೊದಲನೆಯ ರೈತ, ಅವನ ಗ್ಯಾಂಗು, ಅವನ ಟ್ರ್ಯಾಕ್ಟರು ತಮ್ಮದಲ್ಲದ ಹಣವನ್ನು ತಿಳಿಯದೆಯೇ ಪಡೆಯುತ್ತಾರೆ. ಗುಟ್ಟಾಗಿ ಮಾಡಿದ ತಪ್ಪನ್ನು ಗುಟ್ಟಾಗಿಯೇ ತಿದ್ದಲು ಬರುವುದಿಲ್ಲವೆಂಬುದನ್ನು ನಾನು ನೀತಿಯಿಂದ ಕಲಿಯಲಿಲ್ಲ, ಈ ಲೆಕ್ಕದಿಂದ ಕಲಿತೆ.

ಸಮಯವೂ ಇರಲಿಲ್ಲ. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ಒಪ್ಪಿಸಿದ ಹದಿನಾಲ್ಕು ದಿನಗಳೊಳಗೆ ರೈತನಿಗೆ ಹಣ ಸಲ್ಲಬೇಕು. ಕಾರ್ಖಾನೆಗಳು ಹಣ ಕೊಡುವುದನ್ನು ತಡಮಾಡಿದರೂ ಹದಿನೈದು ದಿನದ ಲೆಕ್ಕವನ್ನು ಮುಚ್ಚುವುದರಲ್ಲಿ ತಡಮಾಡುವುದಿಲ್ಲ. ಮುಚ್ಚಿದ ಮೇಲೆ ಅಂಕಿಯನ್ನು ತಿದ್ದಲು ಮೇಲಿನವರ ಅಪ್ಪಣೆ ಬೇಕು. ನಮ್ಮ ಲೆಕ್ಕ ಮುಚ್ಚಲು ನಾಲ್ಕು ದಿನ ಉಳಿದಿದ್ದವು. ಅದರಲ್ಲಿ ಎರಡು ದಿನವನ್ನು ನಾನು ಸುಮ್ಮನೆ ಕಳೆದೆ. ಈ ಇಡೀ ಕಥೆಯಲ್ಲಿ ದಣಿವನ್ನು ಮುಂದುಮಾಡಿ ತಪ್ಪಿಸಿಕೊಳ್ಳಲಾರದ ಭಾಗ ಆ ಎರಡು ದಿನಗಳು.

ಮೂರನೆಯ ರಾತ್ರಿ ಕಾಟಾದ ಮೇಲ್ವಿಚಾರಕರಿಗೆ ಬರೆದು ಕೊಟ್ಟೆ. ಇಂಥ ದಿನ, ಇಂಥ ವೇಳೆ, ಎರಡು ಟೋಕನ್ನುಗಳ ಖಾಲಿ ವಜನ ನನ್ನ ಅಲಕ್ಷ್ಯದಿಂದ ಅದಲುಬದಲಾಗಿದೆ. ಆ ಗಾಡಿಗಳ ಹಿಂದಿನ ಖೇಪುಗಳ ಖಾಲಿ ವಜನವೇ ಇದಕ್ಕೆ ಆಧಾರ. ಅವರು ಹಿಂದಿನ ದಾಖಲೆಗಳನ್ನು ತೆಗೆದು ನೋಡಿದರು. ಎರಡೂ ಗಾಡಿಗಳನ್ನು ಮರುದಿನ ಮತ್ತೆ ಖಾಲಿ ತೂಗಿಸಿದರು. ಅಂಕಿ ತಿದ್ದಿದರು. ಆಮೇಲೆ ನನ್ನನ್ನು ಕರೆದು ಕೇಳಿದರು: “ನಿದ್ದಿ ಹತ್ತಿತ್ತೇನ್ರಿ? ಹಗಲೆಲ್ಲಾ ಏನ್ ಮಾಡ್ತೀರಿ ನೀವು?” ನಾನು ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ ಬಹುವಚನದ ದನಿ ಇನ್ನಷ್ಟು ಮೃದುವಾಗಿ, “ಹಂಗಾಮ ಮುಗಿಯೂತನಕ ಬ್ಯಾಡ್ರಿ ಗುರುಗಳ, ಈ ವಾರಕ್ಕ ಬಿಡ್ರಿ” ಎಂದರು. ಬೈಗುಳಕ್ಕೆ ನಾನು ಸಿದ್ಧನಾಗಿದ್ದೆ. ‘ಗುರುಗಳ’ ಎಂಬ ಆ ಕರೆಗೆ ಸಿದ್ಧನಾಗಿರಲಿಲ್ಲ.

ಸುದ್ದಿ ಕಾಲೇಜಿಗೆ ಬರುವ ಮೊದಲೇ ನಾನಾಗಿ ಪ್ರಾಚಾರ್ಯರಲ್ಲಿಗೆ ಹೋದೆ. ಅವರು ಬಾಗಿಲು ಹಾಕಿಕೊಳ್ಳಲು ಹೇಳಿ, ನನ್ನ ಮಾತನ್ನು ಪೂರ್ತಿ ಕೇಳಿ, ಮೇಜಿನ ಖಾನೆಯಿಂದ ಒಂದು ಕಟ್ಟು ತೆಗೆದು ಮುಂದಿಟ್ಟರು. ಹೆಂಡತಿಯ ಹೆಸರಿನಲ್ಲಿದ್ದ ವಿಮಾ ಏಜೆನ್ಸಿಯ ಕಾಗದಗಳು ಅವು. ನಮ್ಮ ಕಾಲೇಜಿನ ಅರ್ಧ ಸಿಬ್ಬಂದಿ ಅವರಲ್ಲೇ ಪಾಲಿಸಿ ಮಾಡಿಸಿದ್ದರು. ಅದನ್ನು ಎರಡನೆಯ ಉದ್ಯೋಗವೆಂದು ಯಾರೂ ಎಂದೂ ಕರೆದಿರಲಿಲ್ಲ. ಅವರು ನನ್ನನ್ನು ಕ್ಷಮಿಸಲೂ ಇಲ್ಲ, ಶಿಕ್ಷಿಸಲೂ ಇಲ್ಲ. “ನಾನೂ ನಿಮಗ ಹೇಳೂ ಹಕ್ಕು ಕಳಕೊಂಡೇನ್ರಿ” ಎಂದಷ್ಟೇ ಹೇಳಿದರು. ಆ ಮಾತು ನನ್ನನ್ನು ಹಗುರಗೊಳಿಸಲಿಲ್ಲ. ಗುಟ್ಟು ಗುಟ್ಟನ್ನು ಕಾಯುವಲ್ಲಿ ಯಾರೂ ಯಾರನ್ನೂ ಪ್ರಶ್ನಿಸಲಾರರು; ಬೋಧನೆ ಕೆಟ್ಟರೂ ಕೇಳುವವರಿರುವುದಿಲ್ಲ.

ಅಧ್ಯಾಪಕರು ವೃತ್ತಿಗೆ ಬಾಧಕವಾಗುವ ಬೇರೆ ಉದ್ಯೋಗಗಳಿಂದ, ಖಾಸಗಿ ಪಾಠಗಳಿಂದ ದೂರವಿರಬೇಕೆಂದು ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಾವಳಿಯ ನೀತಿಸಂಹಿತೆ ಹೇಳುತ್ತದೆ. ಬಾಧಕವಾಗುತ್ತಿದೆಯೇ ಇಲ್ಲವೇ ಎಂಬುದನ್ನು ಹೇಳಬಲ್ಲವರು ಯಾರು? ನನ್ನ ಅನುಭವದಲ್ಲಿ, ಅದನ್ನು ಕೊನೆಯಲ್ಲಿ ತಿಳಿಯುವವನು ಸ್ವತಃ ಅಧ್ಯಾಪಕ. ಆದುದರಿಂದ ನನ್ನ ಸಂಶೋಧನಾ ವಿದ್ಯಾರ್ಥಿಗಳಿಗೆ ನಾನು ಎರಡನೆಯ ಕೆಲಸ ಬೇಡವೆನ್ನುವುದಿಲ್ಲ. ಬೇಡವೆನ್ನಲು ಅವರ ಮನೆಯ ಲೆಕ್ಕ ನನ್ನ ಕೈಯಲ್ಲಿಲ್ಲ. ಎರಡು ಕಡೆಯಲ್ಲಿ ಕನಿಷ್ಠ ಒಂದು ಕಡೆ ಒಬ್ಬನಿಗಾದರೂ ಹೇಳಿ, ಮತ್ತು ನೂರಾರು ಸಲ ಒಂದೇ ಗುಂಡಿ ಒತ್ತುವ, ತಪ್ಪಿದರೆ ಬೇರೆಯವರ ಅನ್ನಕ್ಕೆ ಕುತ್ತು ಬರುವ ಕೆಲಸವನ್ನು ರಾತ್ರಿಗೆ ಇಟ್ಟುಕೊಳ್ಳಬೇಡಿ ಎನ್ನುತ್ತೇನೆ.

ಪಂಪನು ಅರಿಕೇಸರಿಯ ಆಸ್ಥಾನದಲ್ಲಿ ಕವಿಯೂ ಆಗಿದ್ದ, ಯೋಧನೂ ಆಗಿದ್ದ. ಎರಡೂ ಕೆಲಸಗಳು ಒಬ್ಬ ಒಡೆಯನ ಕಣ್ಣ ಮುಂದೆಯೇ ನಡೆದವು. ಎರಡನ್ನೂ ಅವನು ಹೆಮ್ಮೆಯಿಂದ ಹೇಳಿಕೊಂಡ. ಕರ್ಣನ ಪಾಡು ಬೇರೆ. ತನ್ನ ಹುಟ್ಟು ತಿಳಿದ ಮೇಲೆ ಅವನಿಗೆ ಎರಡು ಕಡೆಯ ಋಣ. ವ್ಯಾಸಭಾರತದ ಉದ್ಯೋಗಪರ್ವದಲ್ಲಿ ಆ ಸಂಗತಿಯನ್ನು ಪಾಂಡವರಿಗೆ ತಿಳಿಸಬೇಡವೆಂದು ಅವನೇ ಕೃಷ್ಣನನ್ನು ಕೇಳಿಕೊಳ್ಳುತ್ತಾನೆ. ಅಂದಿನಿಂದ ಯುದ್ಧದ ಕೊನೆಯವರೆಗೆ ಅವನು ಒಂದು ಪಕ್ಷದಲ್ಲಿ ನಿಂತು ಇನ್ನೊಂದು ಪಕ್ಷದವರ ಪ್ರಾಣವನ್ನು ಎಣಿಸುತ್ತಿರಬೇಕಾಯಿತು. ನಾನು ಮೊದಲು ಇದನ್ನು ಔದಾರ್ಯವೆಂದು ಪಾಠ ಮಾಡುತ್ತಿದ್ದೆ. ಈಗ ಅದರ ಜೊತೆಗೆ, ಆ ಗುಟ್ಟನ್ನು ಕಾಯುವುದಕ್ಕೆ ಅವನಿಗೆ ಎಷ್ಟು ದಣಿವಾಗಿರಬೇಕೆಂಬುದನ್ನೂ ಕೇಳುತ್ತೇನೆ. ಆ ಪ್ರಶ್ನೆಗೆ ಹಿಂದಿನ ಬೆಂಚಿನಿಂದಲೂ ಉತ್ತರ ಬರುತ್ತದೆ.

ಆ ಮಾರ್ಚಿಯಲ್ಲಿ ಸಾಲದ ಎರಡು ಕಂತು ತಪ್ಪಿದವು. ಹೆಂಡತಿಯ ಪಾಟಲಿಗಳು ಪತ್ತಿನ ಸಂಘಕ್ಕೆ ಹೋದವು, ಬಿಡಿಸಿಕೊಳ್ಳಲು ಮೂರು ವರ್ಷ ಹಿಡಿಯಿತು. ಹುಡುಗನ ತಂದೆಗೆ 17,150 ಕಿಲೋ ಎಂದು ತಿದ್ದಿದ ಹೊಸ ಚೀಟಿ ಸಿಕ್ಕಿತು. ಹಳೆಯ ಚೀಟಿಯನ್ನು ಹುಡುಗ ನನಗೆ ತಂದುಕೊಟ್ಟ. ಯಾಕೆಂದು ಕೇಳಿದೆ. “ನಿಮ್ಮ ಸಹಿ ಐತೆಲ್ರಿ ಸರ್ರ, ಹೊರಗ ಯಾಕ ಇರಬೇಕಂತ ತಂದೆ” ಎಂದ. ಅದನ್ನು ಪಂಪಭಾರತದ ನನ್ನ ಪ್ರತಿಯಲ್ಲಿ, ಕರ್ಣನ ಪ್ರಸಂಗ ಬರುವ ಕಡೆ ಇಟ್ಟಿದ್ದೇನೆ. ಶಾಯಿ ಮಾಸಿದೆ, ಅಂಕಿಗಳನ್ನು ಇನ್ನೂ ಓದಬಹುದು.